ರೆಫರ್ ಮಾಡಿದವರಿಗೆ ‘ಕೆಲಸ ಆಗಲಿಲ್ಲ’ ಅಂತ ಹೇಗೆ ಬರೆಯುವುದು?

ಪ್ರಶ್ನೆ: ಬೆಂಗಳೂರಿನಲ್ಲಿ 3 ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ದಾವಣಗೆರೆಯಲ್ಲಿ ಕಾಲೇಜು ಓದುವಾಗ ಸೀನಿಯರ್ ಆಗಿದ್ದ ಅಣ್ಣ ಒಬ್ಬರು ತಮ್ಮ ಕಂಪನಿಗೆ ನನ್ನನ್ನು ರೆಫರ್ ಮಾಡಿದ್ದರು. 3 ರೌಂಡ್ ಆದ ಮೇಲೆ ರಿಜೆಕ್ಟ್ ಆಯಿತು. ವಾರದ ಮೇಲಾಯಿತು, ಇನ್ನೂ ಅವರಿಗೆ ಹೇಳಿಲ್ಲ. ಅವರ ಹೆಸರು ಕೆಡಿಸಿದೆ ಅನ್ನಿಸುತ್ತಿದೆ. ಅವರಿಗೆ ಬರಬೇಕಿದ್ದ ರೆಫರಲ್ ಬೋನಸ್ಸೂ ಹೋಯಿತು. ಅವರ ಅಮ್ಮ, ನಮ್ಮ ಅಮ್ಮ ಪರಿಚಯದವರು ಬೇರೆ. ಒಂದು ಮೆಸೇಜ್ ಬರೆದಿಟ್ಟಿದ್ದೇನೆ, ಕಳಿಸೋಕೆ ಧೈರ್ಯ ಬರುತ್ತಿಲ್ಲ. ನೋಡಿ ಹೇಳ್ತೀರಾ? ಮುಂದೆ ಮತ್ತೆ ಅವರ ಹತ್ತಿರ ಕೇಳಬಹುದಾ?

ಉತ್ತರ: ನಿಮ್ಮ ಮೆಸೇಜ್ ನೋಡುವ ಮೊದಲು, ಆ ಅಣ್ಣನ ಕಡೆ ಏನು ನಡೆದಿರುತ್ತದೆ ಅಂತ ಹೇಳುತ್ತೇನೆ. ನಾನು ಬಹಳ ಕಾಲದಿಂದ ಐಟಿ ಕಂಪನಿಗಳ ನೇಮಕಾತಿ ಕೆಲಸದಲ್ಲೇ ಇರುವವನು. ರೆಫರಲ್‌ಗಳು ಬಂದು ಬೀಳುವುದು ನಮ್ಮ ಮೇಜಿನ ಮೇಲೇ. ಆ ಕಡೆ ಏನಾಗುತ್ತದೆ ಅಂತ ಗೊತ್ತಾದರೆ ನಿಮ್ಮ ಅರ್ಧ ಭಯ ಹೋಗುತ್ತದೆ. ಮೆಸೇಜಿನಲ್ಲಿ ಏನು ಇರಬೇಕು, ಏನು ಬೇಡ ಅನ್ನುವುದೂ ತಾನಾಗೇ ಗೊತ್ತಾಗುತ್ತದೆ.

ರೆಫರ್ ಮಾಡುವವರು ಮಾಡುವುದು ಇಷ್ಟು. ಕಂಪನಿಯ ಒಳಗಿನ ಪೋರ್ಟಲ್‌ಗೆ ಹೋಗುತ್ತಾರೆ. ಖಾಲಿ ಇರುವ ಕೆಲಸದ ಜಾಬ್ ಐಡಿ ಹುಡುಕಿ, ನಿಮ್ಮ ರೆಸ್ಯೂಮೆ, ಫೋನ್ ನಂಬರ್, ಇಮೇಲ್ ಹಾಕುತ್ತಾರೆ. ಇವರು ನಿಮಗೆ ಹೇಗೆ ಪರಿಚಯ, ಜೊತೆಗೆ ಕೆಲಸ ಮಾಡಿದ್ದೀರಾ ಅಂತ ಒಂದೆರಡು ಪ್ರಶ್ನೆ ಇರುತ್ತದೆ. ‘ಕಾಲೇಜಿನಲ್ಲಿ ಜೂನಿಯರ್’ ಅಂತ ಅವರು ಬರೆದಿರುತ್ತಾರೆ. ಅಲ್ಲಿಗೆ ಅವರ ಪಾತ್ರ ಹೆಚ್ಚುಕಮ್ಮಿ ಮುಗಿಯಿತು. ನಿಮ್ಮ ರೆಸ್ಯೂಮೆ ಮೇಲೆ ರೆಫರಲ್ ಅನ್ನುವ ಗುರುತು ಬೀಳುತ್ತದೆ. ನೂರಾರು ಅರ್ಜಿಗಳ ರಾಶಿಯಲ್ಲಿ ನಾವು ಅದನ್ನ ಮೊದಲು ತೆಗೆದು ನೋಡುತ್ತೇವೆ. ರೆಫರಲ್‌ನ ಬೆಲೆ ಅಷ್ಟೇ. ಬಾಗಿಲು ಬೇಗ ತೆರೆಯುತ್ತದೆ, ಒಳಗೆ ಕೂತವರ ತೀರ್ಮಾನ ಬದಲಾಗುವುದಿಲ್ಲ.

ಆಮೇಲೆ ಅವರಿಗೆ ಏನು ಗೊತ್ತಾಗುತ್ತದೆ? ತುಂಬಾ ಕಮ್ಮಿ. ಹೆಚ್ಚಿನ ಕಡೆ ಪೋರ್ಟಲ್‌ನಲ್ಲಿ ಒಂದು ಸಾಲಿನ ಸ್ಟೇಟಸ್ ಕಾಣುತ್ತದೆ. ಪರಿಶೀಲನೆಯಲ್ಲಿದೆ, ಇಂಟರ್‌ವ್ಯೂ ನಡೆಯುತ್ತಿದೆ, ಆಯ್ಕೆಯಾಗಿಲ್ಲ, ಇಷ್ಟೇ. ಕೆಲವು ಕಡೆ ತಾನಾಗೇ ಒಂದು ಮೇಲ್ ಹೋಗುತ್ತದೆ. ದಿನಕ್ಕೆ ನೂರು ಮೇಲ್ ಬರುವವರು ಅದನ್ನ ತೆಗೆದು ನೋಡುತ್ತಾರೆ ಅಂತ ನಾನು ಬಾಜಿ ಕಟ್ಟುವುದಿಲ್ಲ. ಯಾವ ರೌಂಡಿನಲ್ಲಿ ಏನು ಕೇಳಿದರು, ಪ್ಯಾನೆಲ್ ಏನು ಬರೆದಿದೆ, ಇದು ಸಾಮಾನ್ಯವಾಗಿ ಅವರಿಗೆ ಕಾಣಿಸುವುದೇ ಇಲ್ಲ. ಗೊತ್ತಿರುವವರು ಪ್ಯಾನೆಲ್‌ನಲ್ಲಿ ಕೂರದ ಹಾಗೆ ನೋಡಿಕೊಳ್ಳುವುದೂ ನಮ್ಮ ಕೆಲಸದಲ್ಲೇ ಸೇರಿದೆ.

ಹಾಗಾಗಿ ನಿಮ್ಮ ಅಣ್ಣನಿಗೆ ಈಗ ಮೂರರಲ್ಲಿ ಒಂದು ಪರಿಸ್ಥಿತಿ. ಒಂದು, ರಿಜೆಕ್ಟ್ ಆಗಿದ್ದು ಅವರಿಗೆ ಗೊತ್ತೇ ಇಲ್ಲ, ಇನ್ನೂ ನಡೀತಾ ಇದೆ ಅಂದುಕೊಂಡಿದ್ದಾರೆ. ಎರಡು, ಸ್ಟೇಟಸ್ ನೋಡಿದ್ದಾರೆ, ಆದರೆ ನಿಮಗೆ ಬೇಜಾರಾಗಬಹುದು ಅಂತ ತಾವಾಗಿ ಕೇಳುತ್ತಿಲ್ಲ. ಮೂರು, ಕೆಲಸದ ಗಡಿಬಿಡಿಯಲ್ಲಿ ಮರೆತೇಬಿಟ್ಟಿದ್ದಾರೆ. ‘ಇವರಿಂದ ನನ್ನ ಮರ್ಯಾದೆ ಹೋಯಿತಲ್ಲ’ ಅಂತ ಕೂತಿರುವ ಸಾಧ್ಯತೆ ಇವು ಮೂರಕ್ಕಿಂತ ತುಂಬಾ ಕೆಳಗಿದೆ.

ಹೆಸರು ಕೆಡುವ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ರೆಫರಲ್‌ನಿಂದ ಬಂದವರಲ್ಲೂ ಹೆಚ್ಚಿನವರು ರಿಜೆಕ್ಟೇ ಆಗುತ್ತಾರೆ. ಒಂದು ಸೀಟಿಗೆ ಎಷ್ಟೋ ಜನ ಬಂದಾಗ ಇನ್ನೇನಾಗುತ್ತದೆ? ಇಂಥವರು ಕಳಿಸಿದ ಕ್ಯಾಂಡಿಡೇಟ್ ಮೂರನೇ ರೌಂಡಿನಲ್ಲಿ ಬಿದ್ದರು ಅಂತ ನಾವು ಯಾರ ಹೆಸರಿನ ಮುಂದೆಯೂ ಬರೆದಿಡುವುದಿಲ್ಲ. ನಿಜ ಹೇಳಬೇಕೆಂದರೆ, ಮೂರನೇ ರೌಂಡ್‌ವರೆಗೆ ಹೋದ ರೆಫರಲ್ ನಮ್ಮ ಲೆಕ್ಕದಲ್ಲಿ ಒಳ್ಳೆ ರೆಫರಲ್. ಸುಮ್ನೆ ಯಾರನ್ನೋ ಕಳಿಸಿಲ್ಲ, ನೋಡಿ ಕಳಿಸಿದ್ದಾರೆ ಅಂತಲೇ ಅದರ ಅರ್ಥ.

ರೆಫರ್ ಮಾಡಿದವರಿಗೆ ನಿಜವಾಗಿ ಮುಜುಗರ ತರುವ ವಿಷಯಗಳು ಬೇರೆ ಇವೆ. ಇಂಟರ್‌ವ್ಯೂಗೆ ಟೈಮ್ ಕೊಟ್ಟು ಬರದೇ ಇರುವುದು. ರೆಸ್ಯೂಮೆಯಲ್ಲಿ ಇಲ್ಲದ ಅನುಭವ ತುಂಬಿಸಿ, ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನಲ್ಲಿ ಸಿಕ್ಕಿಹಾಕಿಕೊಳ್ಳುವುದು. ಆಫರ್ ಲೆಟರ್ ತೆಗೆದುಕೊಂಡು, 90 ದಿನದ ನೋಟಿಸ್ ಪೀರಿಯಡ್ ಪೂರ್ತಿ ಬರ್ತೀನಿ ಬರ್ತೀನಿ ಅಂತ ಹೇಳಿ, ಸೇರುವ ದಿನ ಫೋನ್ ಸ್ವಿಚ್ ಆಫ್ ಮಾಡುವುದು. ಇಂಥದ್ದು ಆದಾಗ ನಾವೇ ಅವರಿಗೆ ಫೋನ್ ಮಾಡಿ, ‘ಏನ್ರೀ, ನಿಮ್ಮವರು ಹೀಗೆ ಮಾಡಿದರಲ್ಲ’ ಅಂತ ಕೇಳುತ್ತೇವೆ. ನೀವು ಇದ್ಯಾವುದನ್ನೂ ಮಾಡಿಲ್ಲ. ಹೋದಿರಿ, ಉತ್ತರ ಕೊಟ್ಟಿರಿ, ಬೇರೆ ಯಾರನ್ನೋ ತಗೊಂಡರು.

ಇನ್ನು ಬೋನಸ್. ಅದು ರೆಫರ್ ಮಾಡಿದ್ದಕ್ಕೆ ಸಿಗುವ ದುಡ್ಡಲ್ಲ. ಅಭ್ಯರ್ಥಿ ಕೆಲಸಕ್ಕೆ ಸೇರಿ, ಕಂಪನಿ ಇಟ್ಟಿರುವ ಅವಧಿ ಮುಗಿಸಿದ ಮೇಲೆ ಬರುವ ದುಡ್ಡು. ಆ ಅವಧಿ ಹಲವು ಕಡೆ 3 ತಿಂಗಳು, ಕೆಲವು ಕಡೆ ಇನ್ನೂ ಜಾಸ್ತಿ. ಅದಕ್ಕೆ ಮೊದಲು ಅದು ಯಾರ ಜೇಬಿನಲ್ಲೂ ಇರಲಿಲ್ಲ, ಕಳೆದುಹೋಗುವುದಕ್ಕೆ. ದಯವಿಟ್ಟು ಮೆಸೇಜಿನಲ್ಲಿ ಬೋನಸ್ ಅನ್ನುವ ಮಾತೇ ಎತ್ತಬೇಡಿ. ‘ನಿಮ್ಮ ಬೋನಸ್ ಹೋಯ್ತು, ಸಾರಿ’ ಅಂದರೆ ದುಡ್ಡಿಗೋಸ್ಕರ ರೆಫರ್ ಮಾಡಿದಿರಿ ಅಂದ ಹಾಗಾಗುತ್ತದೆ. ಊರಿನವರು ಅಂತ ಅಭಿಮಾನದಿಂದ ಮಾಡಿದವರಿಗೆ ಅದು ಚುಚ್ಚುತ್ತದೆ.

ಈಗ ನಿಮ್ಮ ಮೆಸೇಜ್‌ಗೆ ಬರೋಣ. ನೀವು ಬರೆದಿದ್ದು ಹೀಗಿದೆ:

> ಅಣ್ಣ ತುಂಬಾ ಸಾರಿ. ನಿಮ್ಮ ಹೆಸರು ಹಾಳು ಮಾಡಿಬಿಟ್ಟೆ. ನಂಗೆ ರಿಜೆಕ್ಟ್ ಆಯ್ತು. ಮೂರನೇ ರೌಂಡಲ್ಲಿದ್ದ ಮ್ಯಾನೇಜರ್ ಜಾಬ್ ಡಿಸ್ಕ್ರಿಪ್ಷನ್‌ನಲ್ಲಿ ಇಲ್ದೇ ಇರೋದನ್ನೇ ಕೇಳಿದ್ರು, ಅವ್ರಿಗೆ ಮೊದಲೇ ಇಂಟರೆಸ್ಟ್ ಇರ್ಲಿಲ್ಲ ಅನ್ಸುತ್ತೆ. ಯಾಕೆ ರಿಜೆಕ್ಟ್ ಮಾಡಿದ್ರು ಅಂತ ಸ್ವಲ್ಪ ವಿಚಾರಿಸ್ತೀರಾ? ಬೇರೆ ಟೀಮಲ್ಲಿ ಏನಾದ್ರೂ ಇದ್ರೆ ನೋಡಿ ಪ್ಲೀಸ್. ಇಷ್ಟು ದಿನ ಹೇಳದೇ ಇದ್ದಿದ್ದಕ್ಕೂ ಸಾರಿ. ಥ್ಯಾಂಕ್ಸ್ ಅಣ್ಣ.

ನಿಮ್ಮ ಜಾಗದಲ್ಲಿದ್ದರೆ ಯಾರಾದರೂ ಹೀಗೇ ಬರೆಯುತ್ತಿದ್ದರು. ಆದರೆ ಇದನ್ನ ಓದುವ ಅಣ್ಣನ ಕಡೆಯಿಂದ ನೋಡಿ. ಇದು ಥ್ಯಾಂಕ್ಸ್ ಹೇಳುವ ಮೆಸೇಜ್ ಅಲ್ಲ. ಇದರಲ್ಲಿ ಅವರಿಗೆ ಮೂರು ಕೆಲಸ ಇವೆ. ನಿಮ್ಮನ್ನ ಸಮಾಧಾನ ಮಾಡಬೇಕು, ರಿಜೆಕ್ಟ್ ಆದ ಕಾರಣ ಹುಡುಕಬೇಕು, ಇನ್ನೊಂದು ಕೆಲಸ ನೋಡಬೇಕು. ಥ್ಯಾಂಕ್ಸ್ ಕೊನೆಗೆ ಒಂದೇ ಪದ, ಅದೂ ಯಾವುದಕ್ಕೆ ಅಂತಿಲ್ಲ. ಬಿಜಿ ಇರುವ ಮನುಷ್ಯ ಇದನ್ನ ಓದಿ ‘ಆಮೇಲೆ ಉತ್ತರ ಕೊಡೋಣ’ ಅಂತ ಫೋನ್ ಕೆಳಗಿಡುತ್ತಾರೆ. ಆ ಆಮೇಲೆ ಬರುವುದೇ ಇಲ್ಲ. ನೀವು ಬ್ಲೂ ಟಿಕ್ ನೋಡಿಕೊಂಡು, ಅಣ್ಣನಿಗೆ ಕೋಪ ಬಂದಿದೆ ಅಂತ ಕೂರುತ್ತೀರಿ. ಪರಿಚಯಗಳು ತಣ್ಣಗಾಗುವುದು ಹೆಚ್ಚಾಗಿ ಹೀಗೆಯೇ. ಜಗಳ ಆಗಿರುವುದಿಲ್ಲ, ಒಬ್ಬರು ಉತ್ತರ ಕೊಡುವುದನ್ನ ಮುಂದೂಡಿರುತ್ತಾರೆ ಅಷ್ಟೇ.

ಇದರಲ್ಲಿ ಎಲ್ಲಕ್ಕಿಂತ ಅಪಾಯದ ಸಾಲು ಮ್ಯಾನೇಜರ್ ಬಗ್ಗೆ ಬರೆದಿರುವುದು. ನೀವು ಹೇಳಿದ್ದು ನಿಜವೇ ಇರಬಹುದು. ಜಾಬ್ ಡಿಸ್ಕ್ರಿಪ್ಷನ್‌ನಲ್ಲಿ ಇಲ್ಲದ್ದನ್ನ ಕೇಳುವ ಮ್ಯಾನೇಜರ್‌ಗಳು ಬೇಕಾದಷ್ಟು ಜನ ಇದ್ದಾರೆ. ಆದರೆ ಆ ಮ್ಯಾನೇಜರ್ ನಿಮ್ಮ ಅಣ್ಣನ ಪಕ್ಕದ ಸೀಟಿನವರಿರಬಹುದು, ನಾಳೆ ಅವರದ್ದೇ ಅಪ್ರೈಸಲ್ ಬರೆಯುವವರಿರಬಹುದು. ನೀವು ಅವರನ್ನ ದೂರಿದ ತಕ್ಷಣ ಅಣ್ಣ ಯಾವುದೋ ಒಂದು ಪಕ್ಷ ಹಿಡಿಯಬೇಕಾಗುತ್ತದೆ. ವಾಟ್ಸಾಪ್ ಮೆಸೇಜ್ ಸ್ಕ್ರೀನ್‌ಶಾಟ್ ಆಗಿ ಎಲ್ಲೆಲ್ಲೋ ಹೋಗುತ್ತದೆ ಅನ್ನುವುದು ನಿಮಗೆ ಗೊತ್ತಿಲ್ಲದ್ದೇನಲ್ಲ.

ಎರಡನೆಯದು, ‘ಯಾಕೆ ಅಂತ ವಿಚಾರಿಸ್ತೀರಾ’ ಅನ್ನುವುದು. ಕೇಳಿದರೆ ತಪ್ಪೇನು ಅನ್ನಿಸುತ್ತದೆ. ಆದರೆ ಅವರು ಅದಕ್ಕೆ ನಮ್ಮಂಥ ರಿಕ್ರೂಟರ್ ಹತ್ತಿರ ಬರಬೇಕು. ಪ್ಯಾನೆಲ್ ಬರೆದ ಅಭಿಪ್ರಾಯವನ್ನ ನಾವು ಹೊರಗೆ ಹೇಳುವ ಹಾಗಿಲ್ಲ, ಕಂಪನಿಯ ಒಳಗಿನವರಾದರೂ ಸರಿ. ಹಾಗಾಗಿ ಅವರು ಬರಿಗೈಯಲ್ಲಿ ವಾಪಸ್ ಬರುತ್ತಾರೆ, ನಿಮಗೆ ಏನು ಹೇಳುವುದು ಅಂತ ತೋಚದೆ ಸುಮ್ಮನಾಗುತ್ತಾರೆ. ಒಂದು ವೇಳೆ ಯಾರೋ ಕಿವಿಯಲ್ಲಿ ಹೇಳಿದರೂ ಅದು ಕತ್ತರಿಸಿದ ಅರ್ಧ ಮಾತಾಗಿರುತ್ತದೆ. ‘ಕಮ್ಯುನಿಕೇಶನ್ ಸರಿ ಇಲ್ವಂತೆ’ ಅನ್ನುವ ಒಂದು ಮಾತು ಹಿಡಿದುಕೊಂಡು ನೀವು ಆರು ತಿಂಗಳು ಕೊರಗುತ್ತೀರಿ. ನಿಜವಾದ ಕಾರಣ ಇನ್ನೇನೋ ಇರುತ್ತದೆ. ಅದೇ ಟೀಮಿನ ಒಳಗಿನ ಒಬ್ಬರಿಗೆ ಆ ಜಾಗ ಕೊಟ್ಟಿರಬಹುದು. ಬಜೆಟ್ ನಿಂತಿರಬಹುದು. ನಿಮಗೆ 90 ದಿನ ನೋಟಿಸ್ ಇದ್ದು, ಇನ್ನೊಬ್ಬರು 15 ದಿನದಲ್ಲಿ ಬರ್ತೀನಿ ಅಂದಿರಬಹುದು. ಇದನ್ನೆಲ್ಲ ರಿಜೆಕ್ಟ್ ಮೇಲ್‌ನಲ್ಲಿ ಯಾರೂ ಬರೆಯುವುದಿಲ್ಲ.

ಕಾರಣ ತಿಳಿಯಲೇಬೇಕು ಅಂದರೆ ನೇರ ದಾರಿ ಒಂದಿದೆ. ನಿಮ್ಮ ಜೊತೆ ಇಂಟರ್‌ವ್ಯೂ ಟೈಮ್ ಗೊತ್ತುಮಾಡಿದ ರಿಕ್ರೂಟರ್‌ಗೇ ಎರಡು ಸಾಲಿನ ಮೇಲ್ ಬರೆಯಿರಿ. ಅವಕಾಶ ಕೊಟ್ಟಿದ್ದಕ್ಕೆ ಥ್ಯಾಂಕ್ಸ್, ಯಾವ ವಿಷಯದಲ್ಲಿ ನಾನು ಇನ್ನೂ ಗಟ್ಟಿಯಾಗಬೇಕು ಅಂತ ಹೇಳಲು ಸಾಧ್ಯವಾದರೆ ಉಪಕಾರ, ಅಂತ. ಎಷ್ಟೋ ಸಲ ಉತ್ತರ ಬರುವುದಿಲ್ಲ. ಬಂದರೆ ಅದು ಮೂರು ಬಾಯಿ ದಾಟಿ ಬಂದ ಸುದ್ದಿಯಾಗಿರುವುದಿಲ್ಲ. ಅದೇ ಮೇಲ್‌ನಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಮತ್ತೆ ಅರ್ಜಿ ಹಾಕಲು ಎಷ್ಟು ಸಮಯ ಬಿಡಬೇಕು? ಇದಕ್ಕೆ ಉತ್ತರ ಸಿಗುವ ಸಾಧ್ಯತೆ ಜಾಸ್ತಿ, ಯಾಕೆಂದರೆ ಇದು ಗುಟ್ಟಿನ ವಿಷಯ ಅಲ್ಲ. ಈ ಉತ್ತರ ಮುಂದೆ ಕೆಲಸಕ್ಕೆ ಬರುತ್ತದೆ.

ಮೂರನೆಯದು, ‘ಬೇರೆ ಟೀಮಲ್ಲಿ ನೋಡಿ’ ಅನ್ನುವುದು. ಕೇಳಲೇಬಾರದು ಅಂತಲ್ಲ, ಇದೇ ಮೆಸೇಜಿನಲ್ಲಿ ಬೇಡ. ಥ್ಯಾಂಕ್ಸ್ ಮತ್ತು ಕೋರಿಕೆ ಒಟ್ಟಿಗೆ ಬಂದರೆ ಓದುವವರಿಗೆ ಕಾಣುವುದು ಕೋರಿಕೆ ಮಾತ್ರ. ಥ್ಯಾಂಕ್ಸ್ ಅದಕ್ಕೆ ಹಾಕಿದ ಪೀಠಿಕೆ ಆಗಿಬಿಡುತ್ತದೆ.

ಸಾರಿಗಳನ್ನೂ ತೆಗೆಯಿರಿ. ಎರಡು ಸಲ ಸಾರಿ ಅಂದಿದ್ದೀರಿ. ನೀವು ತಪ್ಪು ಮಾಡಿಲ್ಲ. ನೀವೇ ‘ಹೆಸರು ಹಾಳು ಮಾಡಿದೆ’ ಅಂದರೆ, ಅಲ್ಲಿಯವರೆಗೂ ಹಾಗೆ ಯೋಚಿಸದವರಿಗೂ ‘ಹೌದಾ? ಅಂಥದ್ದೇನಾಯ್ತು ಇಂಟರ್‌ವ್ಯೂನಲ್ಲಿ?’ ಅನ್ನಿಸುತ್ತದೆ. ತಡವಾಗಿದ್ದಕ್ಕೂ ವಿವರಣೆ ಬೇಡ. ಎರಡು ದಿನದೊಳಗೆ ಹೇಳಿದ್ದರೆ ಚೆನ್ನಾಗಿತ್ತು, ಈಗ ಹೇಳಿದರೂ ನಡೆಯುತ್ತದೆ. ‘ಹೋದ ವಾರ ಮೇಲ್ ಬಂತು’ ಅಂದರೆ ಸಾಕು.

ಹಾಗಾದರೆ ಏನು ಇರಬೇಕು? ನನ್ನ ಪ್ರಕಾರ ನಾಲ್ಕೇ ಸಂಗತಿ. ಏನಾಯಿತು ಅಂತ ಒಂದು ಸಾಲು. ಅವರು ಮಾಡಿದ ಯಾವುದೋ ಒಂದು ನಿರ್ದಿಷ್ಟ ಸಹಾಯದ ಹೆಸರು. ಅದರಿಂದ ನಿಮಗೆ ಏನು ಉಪಯೋಗವಾಯಿತು ಅನ್ನುವುದು. ಆಮೇಲೆ, ಈ ವಿಷಯದಲ್ಲಿ ನೀವು ಇನ್ನೇನೂ ಮಾಡಬೇಕಾಗಿಲ್ಲ ಅನ್ನುವ ಮಾತು. ಈ ಕೊನೆಯದನ್ನ ಬಹಳ ಜನ ಬಿಡುತ್ತಾರೆ. ಅವರ ಹೆಗಲಿನಿಂದ ಭಾರ ಇಳಿಸುವುದು ಅದೇ ಸಾಲು.

ರೆಫರ್ ಮಾಡುವ ಮೊದಲು ಅಣ್ಣ ನಿಮ್ಮ ರೆಸ್ಯೂಮೆ ಓದಿ, ಕೆಳಗೆಲ್ಲೋ ಇದ್ದ ಎಪಿಐ ಟೆಸ್ಟಿಂಗ್ ಪ್ರಾಜೆಕ್ಟನ್ನ ಮೇಲಕ್ಕೆ ತನ್ನಿ ಅಂದಿದ್ದರು ಅಂತ ನಿಮ್ಮ ಪತ್ರದಲ್ಲಿ ಒಂದು ಕಡೆ ಹೇಳಿದ್ದೀರಿ. ಮೊದಲ ಎರಡು ರೌಂಡಿನಲ್ಲಿ ಅದರ ಬಗ್ಗೆಯೇ ಹೆಚ್ಚು ಕೇಳಿದರು ಅಂತಲೂ ಇದೆ. ನಿಮ್ಮ ಮೆಸೇಜಿನ ಚಿನ್ನ ಅದೇ. ಅದನ್ನೇ ನೀವು ಹೊರಗಿಟ್ಟಿದ್ದೀರಿ! ನಾನಾದರೆ ಹೀಗೆ ಬರೆಯುತ್ತಿದ್ದೆ:

> ಅಣ್ಣ, ಹೇಗಿದೀರಾ? ನೀವು ರೆಫರ್ ಮಾಡಿದ್ರಲ್ಲ, ಆ ಕೆಲಸದ ವಿಷಯ ನಾನೇ ಹೇಳೋಣ ಅಂತ ಮೆಸೇಜ್ ಮಾಡ್ತಿದೀನಿ. ಮೂರು ರೌಂಡ್ ಆಯ್ತು, ಆಮೇಲೆ ಆಗ್ಲಿಲ್ಲ ಅಂತ ಹೋದ ವಾರ ಮೇಲ್ ಬಂತು. ಎಪಿಐ ಪ್ರಾಜೆಕ್ಟ್ ಮೇಲಕ್ಕೆ ತಗೊಂಡು ಬನ್ನಿ ಅಂದಿದ್ರಲ್ಲ, ಮೊದಲ ಎರಡು ರೌಂಡಲ್ಲಿ ಅದರ ಬಗ್ಗೆನೇ ಜಾಸ್ತಿ ಕೇಳಿದ್ರು. ನೀವು ಹೇಳ್ದೇ ಇದ್ದಿದ್ರೆ ಅದು ಎರಡನೇ ಪೇಜಲ್ಲೇ ಬಿದ್ದಿರ್ತಿತ್ತು. ನಿಮ್ಮ ಕೆಲಸದ ಮಧ್ಯೆ ಕೂತು ರೆಸ್ಯೂಮೆ ಓದಿದ್ದಕ್ಕೆ ತುಂಬಾ ಥ್ಯಾಂಕ್ಸ್ ಅಣ್ಣ. ಇದರಲ್ಲಿ ನೀವು ಇನ್ನೇನೂ ಮಾಡೋದು ಬೇಡ, ತಿಳಿಸ್ಬೇಕಿತ್ತು ಅಷ್ಟೇ. ನಾನು ಬೇರೆ ಕಡೆನೂ ನೋಡ್ತಾ ಇದೀನಿ.

ಕೊನೆಯ ಸಾಲು ಯಾಕೆ ಅಂತ ಕೇಳಬಹುದು. ಹುಡುಕಾಟ ನಡೆಯುತ್ತಿದೆ ಅನ್ನುವುದು ಅವರಿಗೆ ಗೊತ್ತಾಗಲಿ ಅಂತ. ಅದರಲ್ಲಿ ಕೋರಿಕೆ ಇಲ್ಲ. ಅವರಿಗೆ ಏನಾದರೂ ಹೊಳೆದರೆ ಅವರೇ ಹೇಳುತ್ತಾರೆ, ಇಲ್ಲದಿದ್ದರೆ ‘ಆಲ್ ದಿ ಬೆಸ್ಟ್’ ಅಂತ ಹಾಕಿ ಮುಗಿಸಬಹುದು. ಎರಡಕ್ಕೂ ಜಾಗ ಇದೆ.

ಭಾಷೆಯ ವಿಷಯ. ನೀವಿಬ್ಬರೂ ಮಾತಾಡುವುದು ಹೇಗೋ ಹಾಗೇ ಬರೆಯಿರಿ. ದಿನಾ ಕನ್ನಡದಲ್ಲಿ ಅಣ್ಣ ಅಂತ ಕರೆಯುವವರಿಗೆ ಇದ್ದಕ್ಕಿದ್ದಂತೆ ‘ಡಿಯರ್ ಸರ್’ ಅಂತ ಇಂಗ್ಲಿಷ್ ಪತ್ರ ಕಳಿಸಿದರೆ, ಏನೋ ಬೇಜಾರಾಗಿದೆ, ದೂರ ಇಡುತ್ತಿದ್ದಾರೆ ಅಂತಲೇ ಅನ್ನಿಸುತ್ತದೆ. ಅದೇ ಲಿಂಕ್ಡ್‌ಇನ್‌ನಲ್ಲಿ ಪರಿಚಯವಾದ, ಮುಖ ನೋಡದ ಒಬ್ಬರು ರೆಫರ್ ಮಾಡಿದ್ದರೆ ಕಥೆ ಬೇರೆ. ಅವರಿಗೆ ಅಲ್ಲೇ, ಅವರ ಜೊತೆ ಆಡಿದ ಭಾಷೆಯಲ್ಲೇ, ಮೂರು ಸಾಲು ಸಾಕು.

ಎಲ್ಲಿ ಕಳಿಸಬೇಕು ಅನ್ನುವುದೂ ಮುಖ್ಯ. ರೆಫರಲ್ ಮಾತು ಎಲ್ಲಿ ನಡೆಯಿತೋ ಅಲ್ಲೇ, ನಿಮ್ಮ ವಿಷಯದಲ್ಲಿ ವಾಟ್ಸಾಪ್. ಅವರ ಆಫೀಸ್ ಇಮೇಲ್‌ಗೆ ಬೇಡ. ಅದು ಕಂಪನಿಯ ಸ್ವತ್ತು, ಅಲ್ಲಿ ಬಂದದ್ದು ಅಲ್ಲೇ ಉಳಿಯುತ್ತದೆ. ಲಿಂಕ್ಡ್‌ಇನ್‌ನಲ್ಲಿ ಅವರನ್ನ ಟ್ಯಾಗ್ ಮಾಡಿ ಎಲ್ಲರ ಮುಂದೆ ಥ್ಯಾಂಕ್ಸ್ ಹೇಳುವುದಂತೂ ಬೇಡವೇ ಬೇಡ. ಒಳ್ಳೆ ಮನಸ್ಸಿನಿಂದ ಮಾಡಿದರೂ ಅದರ ಪರಿಣಾಮ ಏನು ಗೊತ್ತಾ? ಮರುದಿನ ಅವರ ಇನ್‌ಬಾಕ್ಸ್‌ನಲ್ಲಿ ‘ಸರ್, ನನ್ನನ್ನೂ ರೆಫರ್ ಮಾಡಿ’ ಅನ್ನುವ ಅಪರಿಚಿತರ ಸಾಲು ನಿಂತಿರುತ್ತದೆ. ಫೋನ್ ಮಾಡಬಹುದಾ? ಅವರು ಸ್ವತಃ ಆ ಮ್ಯಾನೇಜರ್ ಹತ್ತಿರ ಹೋಗಿ ನಿಮ್ಮ ಪರವಾಗಿ ಮಾತಾಡಿದ್ದರೆ ಮೆಸೇಜಿಗಿಂತ ಫೋನೇ ಸರಿ, ಅವರು ಹೆಚ್ಚು ಪಣಕ್ಕಿಟ್ಟಿದ್ದಾರೆ. ಬರೀ ಪೋರ್ಟಲ್‌ನಲ್ಲಿ ಹಾಕಿದ್ದರೆ ಮೆಸೇಜೇ ವಾಸಿ. ಫೋನಿನಲ್ಲಿ ನಿಮ್ಮ ಗಂಟಲು ಕಟ್ಟಿದರೆ ಅವರು ಸಮಾಧಾನ ಮಾಡುತ್ತಾ ಕೂರಬೇಕಾಗುತ್ತದೆ.

ಸ್ವೀಟ್ ಬಾಕ್ಸ್, ಗಿಫ್ಟ್ ಕಾರ್ಡ್ ಕಳಿಸುವ ಯೋಚನೆ ಬಂದಿದ್ದರೆ ಈಗ ಬೇಡ. ರೆಫರಲ್ ಜೊತೆ ಉಡುಗೊರೆ ಸೇರಿದರೆ ಕೆಲವು ಕಂಪನಿಗಳಲ್ಲಿ ಅದು ನಿಯಮದ ಪ್ರಶ್ನೆ ಆಗುತ್ತದೆ. ಊರಿಗೆ ಹೋದಾಗ ಸಿಕ್ಕರೆ ಒಂದು ಪ್ಲೇಟ್ ಬೆಣ್ಣೆದೋಸೆ ಕೊಡಿಸಿ, ಅದಕ್ಕೆ ಯಾವ ಕಂಪನಿಯ ನಿಯಮವೂ ಅಡ್ಡ ಬರುವುದಿಲ್ಲ. ಹಾಗೇ ಒಂದು ಮಾತು, ನಿಮಗಲ್ಲ, ಇದನ್ನ ಓದುವ ಬೇರೆಯವರಿಗೆ: ರೆಫರ್ ಮಾಡಲು ದುಡ್ಡು ಕೇಳುವವರು ರೆಫರ್ ಮಾಡುವವರಲ್ಲ, ಮೋಸ ಮಾಡುವವರು.

ಮೆಸೇಜ್ ಕಳಿಸಿದ ಮೇಲೆ ಏನು ಬರಬಹುದು? ಹೆಚ್ಚಾಗಿ ‘ಪರವಾಗಿಲ್ಲ ಬಿಡಿ, ಇನ್ನೊಂದು ಸಿಗುತ್ತೆ’ ಅಂತ ಬರುತ್ತದೆ. ಅದಕ್ಕೆ ಒಂದು ಥ್ಯಾಂಕ್ಸ್ ಅಣ್ಣ, ಮುಗಿಯಿತು. ಬರೀ ಬ್ಲೂ ಟಿಕ್ ಬಂದು ಸುಮ್ಮನಾದರೆ ಹಾಗೇ ಬಿಡಿ. ಏನೂ ಮಾಡಬೇಕಾಗಿಲ್ಲ ಅಂತ ನೀವೇ ಹೇಳಿದ್ದೀರಿ, ಅವರು ಅದನ್ನ ಪಾಲಿಸಿದ್ದಾರೆ ಅಷ್ಟೇ. ‘ಮೆಸೇಜ್ ನೋಡಿದ್ರಾ ಅಣ್ಣ’ ಅಂತ ಮತ್ತೆ ಕೇಳಬೇಡಿ. ‘ಯಾಕಾಯ್ತು, ನಾನು ಕೇಳಿ ನೋಡ್ತೀನಿ’ ಅಂತ ಅವರಾಗೇ ಅಂದರೆ, ‘ನಾನು ರಿಕ್ರೂಟರ್‌ಗೇ ಮೇಲ್ ಹಾಕಿದೀನಿ ಅಣ್ಣ, ನಿಮಗೆ ತೊಂದರೆ ಬೇಡ’ ಅನ್ನಿ. ಅಷ್ಟು ಹೇಳಿದ ಮೇಲೂ ಅವರು ಕೇಳಿದರೆ ಅದು ಅವರ ಇಷ್ಟ.

ಸ್ವಲ್ಪ ತಲೆಕೆಡಿಸುವ ಉತ್ತರ ಅಂದರೆ ‘ಇನ್ನೊಂದು ಓಪನಿಂಗ್ ಇದೆ, ಈಗಲೇ ರೆಸ್ಯೂಮೆ ಕಳಿಸಿ’ ಅನ್ನುವುದು. ಖುಷಿಯಲ್ಲಿ ತಕ್ಷಣ ಕಳಿಸಬೇಡಿ. ಹಲವು ಕಂಪನಿಗಳಲ್ಲಿ ಒಮ್ಮೆ ಇಂಟರ್‌ವ್ಯೂನಲ್ಲಿ ರಿಜೆಕ್ಟ್ ಆದವರು ಮತ್ತೆ ಬರಲು ಒಂದು ಅಂತರ ಇರಬೇಕು. ಕೂಲಿಂಗ್ ಪೀರಿಯಡ್ ಅನ್ನುತ್ತೇವೆ. 6 ತಿಂಗಳು ಅನ್ನುವುದು ಸಾಮಾನ್ಯ. ಕೆಲವು ಕಡೆ 3 ತಿಂಗಳು, ಕೆಲವು ಕಡೆ 1 ವರ್ಷ. ಕೆಲವು ಕಡೆ ಅದೇ ಹುದ್ದೆಗೆ ಮಾತ್ರ ಈ ತಡೆ, ಬೇರೆ ಹುದ್ದೆಗೆ ಇಲ್ಲ. ಅವಧಿ ಮುಗಿಯುವ ಮೊದಲೇ ಅಣ್ಣ ಮತ್ತೆ ಪೋರ್ಟಲ್‌ನಲ್ಲಿ ಹಾಕಿದರೆ, ನಿಮ್ಮ ಇಮೇಲ್ ನೋಡಿ ಸಿಸ್ಟಮ್ಮೇ ತಿರಸ್ಕರಿಸುತ್ತದೆ, ಅಥವಾ ನಾವು ಅವರಿಗೆ ನಿಯಮ ನೆನಪಿಸಬೇಕಾಗುತ್ತದೆ. ಅವರಿಗೆ ಸಣ್ಣ ಮುಜುಗರ ಆಗುವುದು ಇಲ್ಲಿ. ರಿಕ್ರೂಟರ್‌ಗೆ ಆ ಎರಡನೇ ಪ್ರಶ್ನೆ ಕೇಳಿ ಅಂದಿದ್ದು ಇದಕ್ಕೇ. ‘ಇಷ್ಟು ತಿಂಗಳು ಬಿಡಬೇಕಂತೆ ಅಣ್ಣ, ಈ ಹುದ್ದೆಗೂ ಅದು ಅನ್ವಯಿಸುತ್ತಾ ಅಂತ ಕೇಳಿಕೊಂಡು ಹೇಳ್ತೀನಿ’ ಅಂದರೆ, ನಿಯಮ ಗೊತ್ತಿರುವವರು ಅನ್ನುವ ನಂಬಿಕೆಯೂ ಬರುತ್ತದೆ.

ಇಮೇಲ್ ಐಡಿ ಬದಲಿಸಿ ಹೊಸ ಪ್ರೊಫೈಲ್ ಮಾಡಿ ಹಾಕುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಫೋನ್ ನಂಬರ್, ಹುಟ್ಟಿದ ದಿನ, ಹಳೆ ಕಂಪನಿ, ಯಾವುದಾದರೂ ಒಂದರಲ್ಲಿ ಹಳೆ ದಾಖಲೆ ಸಿಕ್ಕೇ ಸಿಗುತ್ತದೆ. ಹೊಸ ಪ್ರೊಫೈಲ್ ಮೇಲೂ ಅಣ್ಣನ ಹೆಸರೇ ಇರುತ್ತದೆ. ಆಗ ನಿಜವಾಗಲೂ ಅವರ ಹೆಸರು ಕೆಡುತ್ತದೆ.

ಸಂಬಂಧ ಬೆಚ್ಚಗಿರಬೇಕು ಅಂದರೆ ಈ ಥ್ಯಾಂಕ್ಸ್ ಮೆಸೇಜಿಗಿಂತ ಅದರ ಮುಂದಿನ ಮೆಸೇಜ್ ಮುಖ್ಯ. ಒಂದೆರಡು ತಿಂಗಳು ಬಿಟ್ಟು, ಕೆಲಸ ಕೇಳದ ಒಂದು ಮೆಸೇಜ್ ಹೋಗಲಿ. ಅವರು ಹೇಳಿದ ಯಾವುದಾದರೂ ಮಾತಿಗೆ ಅದು ಸೇರಿರಲಿ. ಮೂರನೇ ರೌಂಡಿನಲ್ಲಿ ತೊಡರಿದ ವಿಷಯ ಆಟೊಮೇಶನ್ ಅಂತ ನೀವೇ ಪತ್ರದಲ್ಲಿ ಹೇಳಿದ್ದೀರಿ. ಅದನ್ನ ಕಲಿತು, ಈಗಿನ ಕಂಪನಿಯಲ್ಲೇ ಕೈಯಿಂದ ಮಾಡುತ್ತಿದ್ದ ರಿಗ್ರೆಶನ್ ಟೆಸ್ಟ್‌ಗಳಲ್ಲಿ ಒಂದಿಷ್ಟನ್ನ ಸೆಲೆನಿಯಂಗೆ ತಂದಿರಿ ಅಂತಿಟ್ಟುಕೊಳ್ಳಿ. ‘ಅಣ್ಣ, ಅವತ್ತು ಇಂಟರ್‌ವ್ಯೂನಲ್ಲಿ ಉತ್ತರ ಹೇಳೋಕೆ ಆಗದೇ ಇದ್ದಿದ್ದನ್ನ ಈಗ ಆಫೀಸಲ್ಲೇ ಮಾಡ್ತಿದೀನಿ’ ಅಂತ ಒಂದು ಸಾಲು. ದಿನಾ ಬೆಳಗ್ಗೆ ಹೂವಿನ ಚಿತ್ರ ಹಾಕಿ ಗುಡ್ ಮಾರ್ನಿಂಗ್ ಅನ್ನುವುದು, ಯುಗಾದಿಗೆ ಎಲ್ಲರಿಗೂ ಕಳಿಸಿದ ಫಾರ್ವರ್ಡನ್ನೇ ಇವರಿಗೂ ಕಳಿಸುವುದು, ಇದು ಲೆಕ್ಕಕ್ಕೆ ಬರುವುದಿಲ್ಲ. ಬೇರೆ ಕಡೆ ಕೆಲಸ ಸಿಕ್ಕಿತು ಅಂದರೆ, ಲಿಂಕ್ಡ್‌ಇನ್‌ನಲ್ಲಿ ಹಾಕುವ ಮೊದಲು ಅವರಿಗೆ ಹೇಳಿ. ಊರಿಗೆಲ್ಲ ಗೊತ್ತಾದ ಮೇಲೆ ತಮಗೆ ಗೊತ್ತಾಗುವುದು ಯಾರಿಗೂ ಹಿಡಿಸುವುದಿಲ್ಲ, ಅಲ್ವಾ?

ಮತ್ತೆ ಕೇಳಬಹುದಾ ಅಂತ ಕೇಳಿದ್ದೀರಿ. ಖಂಡಿತ ಕೇಳಬಹುದು. ಅಂತರದ ಅವಧಿ ಮುಗಿದಿರಬೇಕು, ಹೋದ ಸಲ ಇಲ್ಲದ್ದು ಏನಾದರೂ ಈ ಸಲ ರೆಸ್ಯೂಮೆಯಲ್ಲಿ ಇರಬೇಕು. ‘ಏನಾದ್ರೂ ಇದ್ರೆ ನೋಡಿ’ ಅನ್ನಬೇಡಿ, ಹುಡುಕುವ ಕೆಲಸ ಅವರದ್ದಾಗುತ್ತದೆ. ಕಂಪನಿಯ ಕರಿಯರ್ಸ್ ಪುಟದಲ್ಲಿ ನೀವೇ ಹುಡುಕಿ, ಜಾಬ್ ಐಡಿ, ಪಿಡಿಎಫ್ ರೆಸ್ಯೂಮೆ, ಅದಕ್ಕೆ ನೀವು ಯಾಕೆ ಹೊಂದುತ್ತೀರಿ ಅನ್ನುವ ಎರಡು ಸಾಲು, ಮೂರನ್ನೂ ಒಟ್ಟಿಗೆ ಕಳಿಸಿ. ಹಿಂದಿನ ರೆಫರಲ್ ಇನ್ನೂ ಚಾಲ್ತಿಯಲ್ಲಿದೆಯಾ, ಹೊಸದಾಗಿ ಹಾಕಬೇಕಾ ಅಂತ ಅವರಿಗೆ ಪೋರ್ಟಲ್‌ನಲ್ಲೇ ಕಾಣುತ್ತದೆ. ‘ಈ ಸಲ ಬೇರೆಯವರನ್ನ ರೆಫರ್ ಮಾಡಿದ್ರೆ, ಅಥವಾ ಆಗೋದಿಲ್ಲ ಅಂದ್ರೆ ಪರವಾಗಿಲ್ಲ ಅಣ್ಣ, ನಾನೇ ನೇರ ಅಪ್ಲೈ ಮಾಡ್ತೀನಿ’ ಅಂತ ಸೇರಿಸಿ. ಇಲ್ಲ ಅನ್ನಲು ದಾರಿ ಇದ್ದಾಗ ಜನ ಮನಸ್ಸಿನಿಂದ ಹೂಂ ಅನ್ನುತ್ತಾರೆ.

ಇನ್ನು ಅಮ್ಮಂದಿರು. ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಆತಂಕ ಆಗಿದ್ದು ಆ ಒಂದೇ ಸಾಲಿಗೆ. ಬೆಂಗಳೂರಿನಲ್ಲಿ ನೀವು ಎಷ್ಟೇ ಅಳೆದು ತೂಗಿ ಮೆಸೇಜ್ ಬರೆದರೂ, ಅಲ್ಲಿ ಯಾರದೋ ಮದುವೆ ಊಟದ ಸಾಲಿನಲ್ಲಿ ನಿಮ್ಮ ಅಮ್ಮ ಅವರ ಅಮ್ಮನಿಗೆ, ‘ನಿಮ್ಮ ಮಗನಿಗೆ ಇನ್ನೊಂದು ಸಲ ಹೇಳಿ ನೋಡ್ರೀ’ ಅಂದುಬಿಟ್ಟರೆ ಮುಗಿಯಿತು. ಆ ಮಾತು ಸಂಜೆಯೊಳಗೆ ಅಣ್ಣನ ಫೋನಿಗೆ ಹೋಗುತ್ತದೆ. ಕೋರಿಕೆ ಇಲ್ಲ ಅಂದ ನಿಮ್ಮ ಮೆಸೇಜ್ ಸುಳ್ಳಾಗುತ್ತದೆ. ನಮ್ಮ ಮೇಜಿಗೆ ಬರುವ ರೆಫರಲ್‌ಗಳಲ್ಲಿ ‘ಅಮ್ಮ ಬಿಡ್ತಾ ಇಲ್ಲ ಸರ್, ಒಂದು ಸಲ ನೋಡಿಬಿಡಿ’ ಅನ್ನುವ ಜಾತಿಯವು ಬೇಕಾದಷ್ಟಿವೆ. ಅವನ್ನ ಕಳಿಸಿದವರ ಮುಖ ನೋಡಿದರೇ ಗೊತ್ತಾಗುತ್ತದೆ, ಇನ್ನೊಮ್ಮೆ ಆ ಮನೆಯವರಿಗೆ ಮಾಡುವುದಿಲ್ಲ ಅಂತ.

ಹಾಗಾಗಿ ಅಣ್ಣನಿಗೆ ಮೆಸೇಜ್ ಕಳಿಸುವ ಮೊದಲು ಅಮ್ಮನಿಗೆ ಫೋನ್ ಮಾಡಿ. ಕೆಲಸ ಆಗಲಿಲ್ಲ, ಅಣ್ಣನಿಗೆ ನಾನೇ ಹೇಳಿ ಥ್ಯಾಂಕ್ಸ್ ಅನ್ನುತ್ತೇನೆ, ಮತ್ತೆ ಕೇಳುವ ಹೊತ್ತು ಬಂದಾಗ ನಾನೇ ಕೇಳುತ್ತೇನೆ ಅಂತ ಹೇಳಿ. ಅವರ ಅಮ್ಮ ಸಿಕ್ಕಾಗ ‘ನಿಮ್ಮ ಮಗ ತುಂಬಾ ಸಹಾಯ ಮಾಡಿದ್ರಂತೆ’ ಅನ್ನುವುದಕ್ಕೆ ಮಾತ್ರ ಪರ್ಮಿಶನ್ ಕೊಡಿ. ಆ ಒಂದು ಮಾತು ಅಣ್ಣನಿಗೆ ತಲುಪಿದರೆ ತೊಂದರೆ ಇಲ್ಲ.